ರಟ್ಟಿನ ಮೇಲೆ ಯಜುರ್ವೇದ

ಓಲೆಗರಿ ಕಟ್ಟುಗಳಿಗೆ ಸೂಚಿ ಬರೆಯುವವರು 'ಕೃತಿಯ ಹೆಸರು' ಮತ್ತು 'ವಿಷಯ' ಎಂದು ಎರಡು ಖಾನೆಗಳನ್ನು ಬೇರೆ ಬೇರೆಯಾಗಿ ತುಂಬುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಇದು ದಂಡದ ಕೆಲಸ ಅನ್ನಿಸುತ್ತದೆ. ಹೆಸರು ಗೊತ್ತಾದ ಮೇಲೆ ವಿಷಯ ಅಂತ ಬೇರೆ ಏನು ಬರೆಯುವುದು? ನಾಲ್ಕಾರು ಕಟ್ಟು ಬಿಚ್ಚಿ ಓದುವಷ್ಟರಲ್ಲಿ ಆ ಅನುಮಾನ ಹೋಗುತ್ತದೆ. ದಾರ ಸಡಿಲವಾಗಿ ಒಂದು ಕಟ್ಟಿನ ಮರದ ಹಲಗೆ ಇನ್ನೊಂದಕ್ಕೆ ಸೇರಿರುತ್ತದೆ. ಮೂರು ಕೃತಿಗಳಿರುವ ಕಟ್ಟಿಗೆ ಮೊದಲನೆಯದರ ಹೆಸರಷ್ಟೇ ಚೀಟಿಯಲ್ಲಿರುತ್ತದೆ. ಮನೆಯಲ್ಲಿ ಯಾರೋ ಹಿರಿಯರು ನೆನಪಿನಿಂದ 'ಭಾರತ' ಎಂದು ಬರೆದಿಟ್ಟದ್ದರ ಒಳಗೆ ದನದ ರೋಗಕ್ಕೆ ಔಷಧ ಇರುತ್ತದೆ. ದೂರದ ಊರಿನಿಂದ ಯಾರಾದರೂ 'ನಿಮ್ಮಲ್ಲಿರುವ ಇಂಥ ಹೆಸರಿನ ಪ್ರತಿಯ ಸಾರಾಂಶ ಬರೆದು ಕಳಿಸಿ' ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಕೇಳಿದವರಿಗೆ ಹೆಸರು ಮಾತ್ರ ಗೊತ್ತು. ಬರೆಯುವವನ ಮುಂದೆ ಇರುವುದು ಬೇರೆಯೇ ಪದಾರ್ಥ.

ಇಂಥ ಅದಲುಬದಲುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಒಂದು ಮಾತ್ರ ಯುರೋಪಿನ ವಿದ್ವತ್ತನ್ನು ಸುಮಾರು ಇಪ್ಪತ್ತು ವರ್ಷ ದಾರಿ ತಪ್ಪಿಸಿತು. ಅದರ ಸಾರಾಂಶ ಬರೆದವನು ಸಾಮಾನ್ಯನಲ್ಲ, ವೋಲ್ಟೇರ್.

1760ರಲ್ಲಿ ಮೋದಾವ್ ಎಂಬ ಫ್ರೆಂಚ್ ಸೇನಾಧಿಕಾರಿ ಭಾರತದಿಂದ ಊರಿಗೆ ಮರಳಿದ. ಬರುವಾಗ ಫ್ರೆಂಚ್ ಭಾಷೆಯಲ್ಲಿದ್ದ ಒಂದು ಕೈಬರಹದ ಪುಸ್ತಕ ತಂದಿದ್ದ. ಅದರ ಹೆಸರು 'ಎಜೂರ್ ವೇದಂ', ಅಂದರೆ ಯಜುರ್ವೇದ. ಜಿನೀವಾದ ಬಳಿ ನೆಲೆಸಿದ್ದ ವೋಲ್ಟೇರನನ್ನು ಕಂಡು ಅದನ್ನು ಕೊಟ್ಟ. ವೋಲ್ಟೇರ್ ಓದಿದ, ಹಿಗ್ಗಿದ. ಮರುವರ್ಷ, 1761ರಲ್ಲಿ, ಪ್ರತಿಯನ್ನು ಪ್ಯಾರಿಸ್ಸಿನ ರಾಜ ಗ್ರಂಥಾಲಯಕ್ಕೆ ಕೊಡುಗೆಯಾಗಿ ಸಲ್ಲಿಸಿದ. ಅದೇ ವರ್ಷ ತನ್ನ ವಿಶ್ವ ಇತಿಹಾಸದ ದೊಡ್ಡ ಗ್ರಂಥವನ್ನು ತಿದ್ದಿ ಮರುಮುದ್ರಿಸಿದಾಗ ಭಾರತದ ಅಧ್ಯಾಯದಲ್ಲಿ ಇದರ ಸಾರವನ್ನೂ ಆಯ್ದ ಭಾಗಗಳನ್ನೂ ಸೇರಿಸಿದ. ಅವನ ಪ್ರಕಾರ ಇದು ವೇದದ ಪುರಾತನ ವ್ಯಾಖ್ಯಾನ. ಅಲೆಕ್ಸಾಂಡರನ ದಂಡಯಾತ್ರೆಗೂ ಮೊದಲಿನದು. ಫ್ರೆಂಚಿಗೆ ತಂದವನು ಶ್ರೀರಂಗದ ದೇವಾಲಯದ ಹಿರಿಯ ಅರ್ಚಕ, ಫ್ರೆಂಚ್ ಚೆನ್ನಾಗಿ ಕಲಿತ ಬ್ರಾಹ್ಮಣ.

ಈ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ಆದರೆ ಒಳಗಿನ ವಿಷಯವನ್ನು ವೋಲ್ಟೇರ್ ತಪ್ಪಾಗಿ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಪುಸ್ತಕದಲ್ಲಿ ಏನಿದೆಯೋ ಅದನ್ನು ಅವನು ಹೆಚ್ಚುಕಡಿಮೆ ಸರಿಯಾಗಿಯೇ ಸಂಗ್ರಹಿಸಿದ. ಒಬ್ಬನೇ ದೇವರು, ಅವನಿಗೆ ಆದಿ ಅಂತ್ಯವಿಲ್ಲ, ಅವನು ಸೃಷ್ಟಿಸಿದ ಮೊದಲ ಮನುಷ್ಯನ ಹೆಸರು ಆದಿಮೋ, ಅವನ ಹೆಂಡತಿ ಪ್ರೊಕ್ರಿತಿ, ವಿಗ್ರಹಗಳ ಪೂಜೆ ಅಜ್ಞಾನಿಗಳ ಕೆಲಸ. ಇದೆಲ್ಲ ಆ ಪುಟಗಳಲ್ಲಿ ಇದ್ದದ್ದೇ. ಅವನು ಎಡವಿದ್ದು ಈ ವಿಷಯಕ್ಕೂ ರಟ್ಟಿನ ಮೇಲಿನ ಹೆಸರಿಗೂ ಸಂಬಂಧವಿದೆ ಎಂದು ನಂಬಿದ ಕಡೆ. ಒಳಗಿನ ಏಕದೇವ ತತ್ತ್ವವನ್ನು ತೆಗೆದು ಹೊರಗಿನ ಹೆಸರಿಗೆ ಅಂಟಿಸಿ, 'ವೇದ ಹೀಗೆ ಹೇಳುತ್ತದೆ' ಎಂದ.

ಹಾಗೆ ಅಂಟಿಸಲು ಅವನಿಗೆ ಕಾರಣವಿತ್ತು. ಬೈಬಲಿನ ಯೆಹೂದಿಗಳಿಗಿಂತ ಹಳೆಯ ಜನಾಂಗವೊಂದು ಯಾವ ಚರ್ಚಿನ ಹಂಗೂ ಇಲ್ಲದೆ ಶುದ್ಧ ಏಕದೇವರನ್ನು ಕಂಡಿತ್ತು ಎಂದು ತೋರಿಸುವುದು ಅವನ ಹಟ. ಆದಾಮನಿಗಿಂತ ಮೊದಲೇ ಆದಿಮೋ ಸಿಕ್ಕಿಬಿಟ್ಟರೆ ಪಾದ್ರಿಗಳ ಬಾಯಿ ಮುಚ್ಚಿಸಲು ಇನ್ನೇನು ಬೇಕು? ಬೇಕಾದ ಸಾಕ್ಷಿ ಬೇಕಾದ ಹೆಸರು ಹೊತ್ತು ಮನೆ ಬಾಗಿಲಿಗೇ ಬಂದಾಗ ಅದರ ದಾಖಲೆ ಕೇಳುವವರು ಕಡಿಮೆ. ನಮ್ಮ ಕಾಲದ ವಿದ್ವಾಂಸರೂ ಈ ವಿಷಯದಲ್ಲಿ ವೋಲ್ಟೇರನಿಗಿಂತ ಬಹಳ ಮೇಲಿದ್ದಾರೆ ಎಂದು ನನಗನ್ನಿಸುವುದಿಲ್ಲ.

1778ರಲ್ಲಿ ಸೇಂಟ್‌ಕ್ರಾ ಎಂಬ ವಿದ್ವಾಂಸ ಇದನ್ನು ಸ್ವಿಟ್ಜರ್ಲೆಂಡಿನ ಇವೆರ್ದಾನ್ ಪಟ್ಟಣದಲ್ಲಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದ. ವೋಲ್ಟೇರ್ ತೀರಿಕೊಂಡದ್ದೂ ಅದೇ ವರ್ಷ. ಮುಖಪುಟದ ಒಕ್ಕಣೆ ಉದ್ದವಾಗಿತ್ತು. ಇದು ವೇದದ ಪ್ರಾಚೀನ ವ್ಯಾಖ್ಯಾನ, ಭಾರತೀಯರ ಧಾರ್ಮಿಕ ಮತ್ತು ತಾತ್ತ್ವಿಕ ಅಭಿಪ್ರಾಯಗಳ ನಿರೂಪಣೆ, ಬ್ರಾಹ್ಮಣನೊಬ್ಬ ಸಂಸ್ಕೃತದಿಂದ ಅನುವಾದಿಸಿದ್ದು ಎಂದು ಅದರ ಭಾವಾರ್ಥ. ಒಂದೊಂದೇ ತೆಗೆದು ನೋಡಿ. ಪ್ರಾಚೀನ ಅಲ್ಲ. ವೇದದ ವ್ಯಾಖ್ಯಾನ ಅಲ್ಲ. ಸಂಸ್ಕೃತದಿಂದ ಬಂದದ್ದಲ್ಲ. ಬ್ರಾಹ್ಮಣ ಬರೆದದ್ದಲ್ಲ. ಉಳಿದ ಒಂದು, 'ಭಾರತೀಯರ ಅಭಿಪ್ರಾಯಗಳ ನಿರೂಪಣೆ' ಎಂಬುದು, ಅರ್ಧ ನಿಜ. ಏಕೆಂದರೆ ಪುಸ್ತಕದ ಅರ್ಧದಷ್ಟು ಮಾತು ಪುರಾಣಗಳ ನಂಬಿಕೆಗಳನ್ನು ವಿವರಿಸುತ್ತದೆ, ಇನ್ನರ್ಧ ಅವುಗಳನ್ನು ಖಂಡಿಸುವುದಕ್ಕಾಗಿ ಇದೆ.

ಸಂಸ್ಕೃತ ಬಾರದ ಓದುಗನಿಗೆ ಇದು ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಬಹುದು. ಆ ಕಾಲಕ್ಕೆ ಯುರೋಪಿನಲ್ಲಿ ವೇದ ಓದಬಲ್ಲವರು ಇರಲಿಲ್ಲ ಎಂಬುದು ನಿಜ. ವಿಲಿಯಂ ಜೋನ್ಸ್ ಕಲ್ಕತ್ತೆಗೆ ಬಂದದ್ದು 1783ರಲ್ಲಿ, ವಿಲ್ಕಿನ್ಸ್ ಭಗವದ್ಗೀತೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು 1785ರಲ್ಲಿ. ಆದರೂ ಹಸ್ತಪ್ರತಿಯ ಕೆಲಸ ಮಾಡುವವರು ಮೊದಲು ಹಾಕುವ ಕೆಲವು ಸರಳ ಪ್ರಶ್ನೆಗಳಿಗೆ ಈ ಪುಸ್ತಕ ಫ್ರೆಂಚಿನಲ್ಲೇ ಉತ್ತರ ಕೊಡುತ್ತಿತ್ತು.

ಮೊದಲನೆಯದು, ಇಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದಾರೆ? ಪುಸ್ತಕ ಪೂರ್ತಿ ಒಂದು ಸಂವಾದ. ಬಿಯಾಶ್ ಎಂಬಾತ ಕೇಳುತ್ತಾನೆ, ಶುಮೊಂತು ಎಂಬಾತ ಹೇಳುತ್ತಾನೆ. ಇವರು ವ್ಯಾಸ ಮತ್ತು ಸುಮಂತು. ಲೋಕದ ಜನ ದಾರಿ ತಪ್ಪಿರುವುದನ್ನು ಕಂಡು ಮರುಗಿ ವ್ಯಾಸ ಸುಮಂತುವಿನ ಬಳಿ ಉಪದೇಶಕ್ಕೆ ಬರುತ್ತಾನೆ. ನಮ್ಮ ಪರಂಪರೆಯಲ್ಲಿ ಕತೆ ಇದಕ್ಕೆ ತಿರುಗುಮುರುಗು. ವ್ಯಾಸರು ಒಂದಾಗಿದ್ದ ವೇದವನ್ನು ನಾಲ್ಕು ಮಾಡಿ ಪೈಲನಿಗೆ ಋಗ್ವೇದ, ವೈಶಂಪಾಯನನಿಗೆ ಯಜುರ್ವೇದ, ಜೈಮಿನಿಗೆ ಸಾಮವೇದ, ಸುಮಂತುವಿಗೆ ಅಥರ್ವವೇದ ಕೊಟ್ಟರೆಂದು ಪುರಾಣಗಳು ಹೇಳುತ್ತವೆ. ಅಂದರೆ ಈ 'ಯಜುರ್ವೇದ'ದಲ್ಲಿ ಶಿಷ್ಯ ಗುರುವಾಗಿದ್ದಾನೆ, ಗುರು ಶಿಷ್ಯನಾಗಿದ್ದಾನೆ. ಅಷ್ಟು ಸಾಲದೆಂಬಂತೆ, ಗುರುವಿನ ಜಾಗದಲ್ಲಿ ಕೂತ ಶಿಷ್ಯ ಯಜುಸ್ಸಿಗೆ ಸಂಬಂಧಪಟ್ಟವನಲ್ಲ, ಅಥರ್ವದವನು. ಇಲ್ಲಿ ವೈಶಂಪಾಯನ ಇದ್ದಿದ್ದರೆ ಹೆಸರಾದರೂ ಹೊಂದುತ್ತಿತ್ತು.

ಎರಡನೆಯದು, ಮಾತಿನ ವಿಷಯ ಯಾವುದು? ಸೃಷ್ಟಿ ಹೇಗಾಯಿತು, ಅವತಾರಗಳು ನಿಜವೇ, ಲಿಂಗಪೂಜೆ ಹೇಗೆ ಹುಟ್ಟಿತು ಎಂದು ಬಿಯಾಶ್ ಪುರಾಣಗಳ ಮಾತನ್ನು ಮುಂದಿಡುತ್ತಾನೆ. ಶುಮೊಂತು 'ಇದೆಲ್ಲ ಸುಳ್ಳು, ಜನರನ್ನು ಕೆಡಿಸುವ ಕತೆ' ಎಂದು ತಳ್ಳಿಹಾಕಿ ಒಬ್ಬ ದೇವರ ಬೋಧೆ ಮಾಡುತ್ತಾನೆ. ವೇದಗಳು ಪುರಾಣಗಳಿಗಿಂತ ಎಷ್ಟೋ ಹಳೆಯವು. ಹಳೆಯ ಪುಸ್ತಕ ತನಗಿಂತ ಹೊಸ ಪುಸ್ತಕಗಳನ್ನು ಒಂದೊಂದಾಗಿ ಹೆಸರಿಸಿ ಖಂಡಿಸುತ್ತಾ ಕೂತಿದ್ದರೆ ಅದು ಹಳೆಯದಲ್ಲ ಎಂದು ತಿಳಿಯಲು ಭಾಷೆ ಬರಬೇಕಿಲ್ಲ. ಪುಸ್ತಕ ಯಾರ ಮೇಲೆ ಜಗಳಕ್ಕೆ ನಿಂತಿದೆ ಎಂಬುದು ಅದರ ವಯಸ್ಸನ್ನೂ ಊರನ್ನೂ ಬಿಟ್ಟುಕೊಡುತ್ತದೆ.

ನಿಜವಾದ ಯಜುರ್ವೇದ ಯಾವ ಜಗಳಕ್ಕೂ ನಿಂತದ್ದಲ್ಲ. ಅದು ಯಜ್ಞದಲ್ಲಿ ಕೈಕೆಲಸ ಮಾಡುವ ಅಧ್ವರ್ಯುವಿನ ವೇದ. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ತೈತ್ತಿರೀಯ ಶಾಖೆಯ ಸಂಹಿತೆಯನ್ನು ಬಿಚ್ಚಿದರೆ ಮೊದಲಿಗೆ ಸಿಗುವುದು ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾಡುವ ಇಷ್ಟಿಯ ಮಂತ್ರಗಳು. ಮುತ್ತುಗದ ಕೊಂಬೆ ಕಡಿಯುವಾಗ ಒಂದು, ಹಾಲು ಕರೆಯುವುದಕ್ಕೆ ಮುಂಚೆ ಕರುಗಳನ್ನು ತಾಯಿಯಿಂದ ಬೇರ್ಪಡಿಸುವಾಗ ಒಂದು, ದರ್ಭೆ ಕೊಯ್ಯುವಾಗ ಇನ್ನೊಂದು. ಪಕ್ಕದಲ್ಲಿ ನಿಂತು ಕೆಲಸ ಮಾಡಿಸುವ ಪುಸ್ತಕದ ರೀತಿ ಅದು. ಊರ ಶಿವನ ಗುಡಿಯಲ್ಲಿ ಕೇಳುವ ರುದ್ರ, ಚಮಕಗಳೂ ಇದೇ ಸಂಹಿತೆಯ ನಾಲ್ಕನೆಯ ಕಾಂಡದಲ್ಲಿವೆ. ವೋಲ್ಟೇರನ ಪ್ರತಿಯಲ್ಲಿ ಕೊಂಬೆಯೂ ಇಲ್ಲ, ಕರುವೂ ಇಲ್ಲ, ರುದ್ರನೂ ಇಲ್ಲ. ಮಂತ್ರ ಕಲಿತ ಶ್ರೀರಂಗಪಟ್ಟಣದ ಯಾವ ವೈದಿಕನಿಗೆ ಅದರ ಎರಡು ಪುಟ ಅರ್ಥ ಮಾಡಿ ಹೇಳಿದ್ದರೂ 'ಇದು ನಮ್ಮದಲ್ಲ' ಎನ್ನುತ್ತಿದ್ದ. ಕೇಳಲು ಹೋದವರು ಮಾತ್ರ ಯಾರೂ ಇರಲಿಲ್ಲ.

ಈ ಕತೆಯಲ್ಲಿ ನನಗೆ ತುಂಬ ಹಿಡಿಸುವ ವ್ಯಂಗ್ಯ ಪ್ಯಾರಿಸ್ಸಿನದು. ವೋಲ್ಟೇರ್ ತನ್ನ 'ವೇದ'ವನ್ನು ರಾಜ ಗ್ರಂಥಾಲಯಕ್ಕೆ ಕೊಟ್ಟಾಗ ಅದೇ ಗ್ರಂಥಾಲಯದಲ್ಲಿ ನಿಜವಾದ ವೇದದ ಪ್ರತಿಗಳು ಆಗಲೇ ಇದ್ದವು. ಆಂಧ್ರದ ಗಡಿಯಿಂದ ಬಳ್ಳಾಪುರ ಸೀಮೆಯವರೆಗೂ ಹಬ್ಬಿದ್ದ ಫ್ರೆಂಚ್ ಜೆಸುಯಿಟರ ಕರ್ನಾಟಿಕ್ ಮಿಷನ್ನಿನ ಪಾದ್ರಿ ಕಾಲ್ಮೆತ್ ಅವುಗಳನ್ನು 1730ರ ದಶಕದಲ್ಲಿ ಕಷ್ಟಪಟ್ಟು ಸಂಪಾದಿಸಿ ಕಳಿಸಿದ್ದ. ಅವು ಇದ್ದದ್ದು ದಕ್ಷಿಣದ ಲಿಪಿಗಳಲ್ಲಿ. ಪ್ಯಾರಿಸ್ಸಿನಲ್ಲಿ ಅವನ್ನು ಓದುವವರು ಇರಲಿಲ್ಲ. ಹೀಗಾಗಿ ನಿಜವಾದ ವೇದ ಕಪಾಟಿನಲ್ಲಿ ಮೂಕವಾಗಿ ಕೂತಿತ್ತು, ಫ್ರೆಂಚ್ ಮಾತಾಡುವ ವೇದ ಊರೆಲ್ಲ ಸುದ್ದಿಯಾಯಿತು. ಒಳಗೆ ಓದಲಾಗದ ಕಟ್ಟಿಗೆ ಸಾರಾಂಶ ಕೇಳುವವರಿಲ್ಲ. ಸುಲಭವಾಗಿ ಓದಿಸಿಕೊಳ್ಳುವುದಕ್ಕೆ ಎಲ್ಲರೂ ಕೇಳುತ್ತಾರೆ.

ಮೊದಲು ಗುಟ್ಟು ಬಿಟ್ಟವನು ಸೊನ್ನೆರಾ. ಗಿಡಮರ, ಹಕ್ಕಿಗಳ ಬೆನ್ನುಹತ್ತಿ ಭಾರತ ಸುತ್ತಿದ ಪ್ರಕೃತಿವಿಜ್ಞಾನಿ. 1782ರ ತನ್ನ ಪ್ರವಾಸ ಗ್ರಂಥದಲ್ಲಿ ಅವನು ಇದು ನಾಲ್ಕು ವೇದಗಳಲ್ಲಿ ಒಂದಲ್ಲ, ಮಚಲೀಪಟ್ಟಣದಲ್ಲಿ ಮಿಷನರಿಯೊಬ್ಬ ಬರೆದ ವಾದಗ್ರಂಥ ಎಂದು ನೇರವಾಗಿ ಹೇಳಿದ. ಊರಿನ ವಿಷಯದಲ್ಲಿ ಅವನ ಮಾತು ನಿಲ್ಲದಿದ್ದರೂ 'ವಾದಗ್ರಂಥ' ಎಂದದ್ದು ಸರಿಯಾದ ಗುರುತು. ಅಲ್ಲಿಯವರೆಗೆ ಎಲ್ಲರೂ 'ಇದರಲ್ಲಿ ಏನು ಹೇಳಿದೆ' ಎಂದು ನೋಡುತ್ತಿದ್ದರು. ಅವನು 'ಇದು ಯಾವ ಜಾತಿಯ ಪುಸ್ತಕ' ಎಂದು ಕೇಳಿದ.

ನಿಜವಾದ ಪತ್ತೇದಾರಿ ನಡೆದದ್ದು ಪಾಂಡಿಚೇರಿಯಲ್ಲಿ, ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್‌ನಿಂದ. ಕನ್ನಡ, ತಮಿಳು, ತೆಲುಗುಗಳು ಒಂದೇ ಕುಟುಂಬದ ಭಾಷೆಗಳು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮೊದಲು, 1816ರಲ್ಲಿ, ಉದಾಹರಣೆ ಸಮೇತ ತೋರಿಸಿದ ಅದೇ ಎಲ್ಲಿಸ್. ಪಾಂಡಿಚೇರಿಯ ಕ್ಯಾಥೊಲಿಕ್ ಪಾದ್ರಿಗಳ ಬಳಿ ಎಜೂರ್ ವೇದಂ ಒಂದೇ ಅಲ್ಲ, ಬೇರೆ ವೇದಗಳ ಹೆಸರು ಹೊತ್ತ ಇಂಥವೇ ಹಲವು ಹಸ್ತಪ್ರತಿಗಳಿರುವುದನ್ನು ಅವನು ಕಂಡ. ಅವುಗಳಲ್ಲಿ ಸಂಸ್ಕೃತ ಇತ್ತು, ಆದರೆ ರೋಮನ್ ಲಿಪಿಯಲ್ಲಿ. ಎದುರು ಪುಟದಲ್ಲಿ ಫ್ರೆಂಚ್. ನಮ್ಮ ನೆಲದ ಯಾವ ಲಿಪಿಕಾರನೂ ಸಂಸ್ಕೃತವನ್ನು ಹಾಗೆ ಬರೆದಿಡುವುದಿಲ್ಲ.

ಎಲ್ಲಿಸ್‌ನ ಕಿವಿಗೆ ಇನ್ನೊಂದು ಸಂಗತಿ ಬಿತ್ತು. ರೋಮನ್ ಅಕ್ಷರಗಳಲ್ಲಿ ಬರೆದರೆ ಬರೆದವನು ಶಬ್ದವನ್ನು ಹೇಗೆ ಕೇಳಿಸಿಕೊಂಡನೆಂಬುದು ಬಯಲಾಗುತ್ತದೆ. ವ್ಯಾಸ ಇಲ್ಲಿ ಬಿಯಾಶ್, ಸುಮಂತು ಶುಮೊಂತು, ಪ್ರಕೃತಿ ಪ್ರೊಕ್ರಿತಿ. ವಕಾರ ಬಕಾರವಾಗಿದೆ, ಸಕಾರ ಶಕಾರವಾಗಿದೆ, ಅಕಾರ ಒಕಾರವಾಗಿದೆ. ತಮಿಳರೋ ತೆಲುಗರೋ ಸಂಸ್ಕೃತವನ್ನು ಹೀಗೆ ಉಚ್ಚರಿಸುವುದಿಲ್ಲ. ಇದು ಬಂಗಾಳ, ಒಡಿಶಾ ಕಡೆಯ ಬಾಯಿ. ಶ್ರೀರಂಗದ ಅರ್ಚಕನ ಕತೆ ಅಲ್ಲಿಗೆ ಮುಗಿಯಿತು. ಶ್ರೀರಂಗದವನು ಅನುವಾದಿಸಿದ್ದರೆ ವ್ಯಾಸ ವ್ಯಾಸನಾಗಿಯೇ ಇರುತ್ತಿದ್ದ. ಬಂಗಾಳದ ಚಂದ್ರನಗರವೂ ಫ್ರೆಂಚರ ನೆಲೆಯಾಗಿತ್ತು, ಅಲ್ಲಿ ಸಂಸ್ಕೃತ ಕಲಿತ ಜೆಸುಯಿಟರಿದ್ದರು ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಎಲ್ಲಿಸ್ 1819ರಲ್ಲಿ ರಾಮನಾಡಿನಲ್ಲಿ ತೀರಿಕೊಂಡ. ಅವನ ಲೇಖನ ಅಚ್ಚಾದದ್ದು 1822ರಲ್ಲಿ, 'ಏಷ್ಯಾಟಿಕ್ ರಿಸರ್ಚಸ್'ನ ಹದಿನಾಲ್ಕನೆಯ ಸಂಪುಟದಲ್ಲಿ. ಎಷ್ಟು ಎಚ್ಚರದ ಮನುಷ್ಯನಾದರೂ ಕರ್ತೃವಿನ ಖಾನೆಗೆ ಬಂದಾಗ ಅವನೂ ಕೇಳಿದ ಮಾತಿಗೆ ಒಲಿದ. ಪಾಂಡಿಚೇರಿಯಲ್ಲಿ ಚಾಲ್ತಿಯಲ್ಲಿದ್ದ ನಂಬಿಕೆಯಂತೆ ಮೂಲ ಬರೆದವನು ಮಧುರೆಯ ರಾಬರ್ಟೊ ದೆ ನೊಬಿಲಿ ಎಂದ. ನೊಬಿಲಿ ಇಟಲಿಯವನು. ಕಾವಿ ಉಟ್ಟು, ಸಸ್ಯಾಹಾರಿಯಾಗಿ, ತಮಿಳಿನಲ್ಲೂ ಸಂಸ್ಕೃತದಲ್ಲೂ ಬೋಧಿಸಿ 1656ರಲ್ಲಿ ಮೈಲಾಪುರದಲ್ಲಿ ಸತ್ತವನು. ಇಂಥ ಕೆಲಸಕ್ಕೆ ಹೊಂದುವ ಹೆಸರೇ. ಆದರೆ ಬಂಗಾಳಿ ಉಚ್ಚಾರಣೆ ಮಧುರೆಯ ಸನ್ಯಾಸಿಗೆ ಎಲ್ಲಿಂದ ಬರಬೇಕು? ರಟ್ಟಿನ ಮೇಲಿನ ಒಂದು ಹೆಸರನ್ನು ಕಿತ್ತು ಹಾಕಿದ ಕೈಯೇ ಅಲ್ಲಿ ಇನ್ನೊಂದು ತಪ್ಪು ಹೆಸರನ್ನು ಅಂಟಿಸಿತು. ಇದು ಸೂಚಿ ಬರೆಯುವವರಲ್ಲಿ ಬಹಳ ಕಾಣುವ ಚಾಳಿ. ಖಾಲಿ ಖಾನೆಯನ್ನು ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ.

1984ರಲ್ಲಿ ಲೂಡೊ ರೋಶೆ ಎಂಬ ವಿದ್ವಾಂಸರು ಎಲ್ಲ ಪ್ರತಿಗಳನ್ನೂ ಇಟ್ಟುಕೊಂಡು ಪಠ್ಯವನ್ನು ಮತ್ತೆ ಸಂಪಾದಿಸಿ ಇಡೀ ವಾದವನ್ನು ಜಾಲಾಡಿದರು. ಅವರು ಕಂಡದ್ದು ಇಷ್ಟು: ಇದು ಹದಿನೆಂಟನೆಯ ಶತಮಾನದ ಕೃತಿ. ಮೂಲ ಭಾಷೆ ಫ್ರೆಂಚ್, ಸಂಸ್ಕೃತಕ್ಕೆ ತಿರುಗಿಸುವ ಕೆಲಸ ಆಮೇಲಿನದು. ಬರೆದವನು ಭಾರತದಲ್ಲಿದ್ದ ಫ್ರೆಂಚ್ ಜೆಸುಯಿಟ್. ಹೆಸರು ಹೇಳಲು ರೋಶೆ ಒಪ್ಪಲಿಲ್ಲ. ಕಾಲ್ಮೆತ್, ಮೊಸಾಕ್, ಮಾರ್ತಾಂ ಎಂದು ಹಲವರ ಕಡೆ ಬೆರಳು ಹೋಗಿದೆ, ಇಂದಿಗೂ ಹೋಗುತ್ತಿದೆ.

ಹಾಗಾದರೆ ಇದು ಮೋಸವೇ? ಹತ್ತೊಂಬತ್ತನೆಯ ಶತಮಾನದವರು ಹಾಗೆಂದೇ ಸಾರಿದರು. ನನಗೆ ಅದು ಅವಸರದ ತೀರ್ಪು ಅನ್ನಿಸುತ್ತದೆ. ಬರೆದವನಿಗೆ ಇದನ್ನು ಪ್ಯಾರಿಸ್ಸಿನವರ ಕೈಗೆ ವೇದವೆಂದು ದಾಟಿಸುವ ಉದ್ದೇಶವಿತ್ತು ಎನ್ನಲು ಆಧಾರವಿಲ್ಲ. ಸಂಸ್ಕೃತಕ್ಕೆ ತಿರುಗಿಸುವ ಕೆಲಸ ಕೈಗೆತ್ತಿಕೊಂಡದ್ದನ್ನು ನೋಡಿದರೆ ಅವನ ಕಣ್ಣಿದ್ದದ್ದು ಇಲ್ಲಿನ ಪಂಡಿತರ ಮೇಲೆ. ಪೂರ್ವಪಕ್ಷ ಹೇಳಿ ಸಿದ್ಧಾಂತ ಮಾಡುವ ಇಲ್ಲಿನ ವಾದದ ಪದ್ಧತಿಯನ್ನೇ ಎತ್ತಿಕೊಂಡು, ಮೊದಲು ಪುರಾಣಗಳ ನಂಬಿಕೆ ಅಲ್ಲಾಡಿಸಿ ಏಕದೇವರವರೆಗೆ ತರುವುದು, ಕ್ರಿಸ್ತನ ಮಾತು ಆಮೇಲೆ. ಪುಸ್ತಕದಲ್ಲಿ ಕ್ರಿಸ್ತನ ಹೆಸರೇ ಇಲ್ಲದಿರುವುದಕ್ಕೆ ಕಾರಣ ಇದೇ ಇರಬೇಕು. ವೋಲ್ಟೇರನ ಕಣ್ಣು ತಪ್ಪಿದ್ದಕ್ಕೂ ಅದೇ ಕಾರಣ. ಜೊತೆಗೆ ದಕ್ಷಿಣದ ಮಿಷನ್ನುಗಳಲ್ಲಿ 'ವೇದ' ಎಂದರೆ ಧರ್ಮ, ಶಾಸ್ತ್ರ ಎಂಬ ಅಗಲವಾದ ಅರ್ಥವಿತ್ತು. ಕ್ರೈಸ್ತರು ತಮ್ಮ ಮತವನ್ನೇ ಸತ್ಯವೇದ ಎನ್ನುತ್ತಿದ್ದರು, ನಮ್ಮಲ್ಲಿ ಬೈಬಲಿಗೆ ಸತ್ಯವೇದ ಎಂಬ ಹೆಸರು ಇಂದಿಗೂ ಇದೆ. ಆ ವಲಯದೊಳಗೆ ಆ ಹೆಸರು ಅಷ್ಟು ದೊಡ್ಡ ಸುಳ್ಳಾಗಿರಲಿಲ್ಲ. ಸಮುದ್ರ ದಾಟಿದ ಮೇಲೆ ಸುಳ್ಳಾಯಿತು. ಪಂಡಿತರನ್ನು ನಂಬಿಸಲೆಂದೇ ವ್ಯಾಸರ ಬಾಯಲ್ಲಿ ಮಾತು ತುರುಕಿದ್ದನ್ನು ಮಾತ್ರ ಪೂರ್ತಿ ಪ್ರಾಮಾಣಿಕ ಎನ್ನಲಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ಈ ಪ್ರತಿ ಇಂದು ಮೇಜಿನ ಮೇಲೆ ಬಂದು, ಯಾರೋ 'ಯಜುರ್ವೇದದ ಫ್ರೆಂಚ್ ಅನುವಾದದ ಸಾರಾಂಶ ಬೇಕು' ಎಂದು ಕೇಳಿದ್ದಾರೆ ಅಂದುಕೊಳ್ಳೋಣ. ಎರಡು ತಪ್ಪು ದಾರಿಗಳಿವೆ. ಕೇಳಿದ್ದು ಯಜುರ್ವೇದ ತಾನೇ ಎಂದು ಅಧ್ವರ್ಯು, ಇಷ್ಟಿ, ಸೋಮಯಾಗ ಎಂದು ತನಗೆ ಗೊತ್ತಿರುವುದನ್ನು ಬರೆದುಕೊಡುವುದು ಒಂದು. ಇದು ಕಟ್ಟು ಬಿಚ್ಚದೆ ಬರೆದ ಸಾರಾಂಶ. ಹೆಸರಿನ ಗೊಡವೆಗೆ ಹೋಗದೆ ಆದಿಮೋ, ಏಕದೇವರು ಎಂದು ಒಳಗಿರುವುದನ್ನಷ್ಟೇ ಬರೆದುಕೊಡುವುದು ಇನ್ನೊಂದು. ಇದು ವೋಲ್ಟೇರ್ ಮಾಡಿದ್ದು, ಇದೇ ಹೆಚ್ಚು ಅಪಾಯದ್ದು. ಓದಿದವನು ಮೇಲಿನ ಹೆಸರನ್ನೂ ಕೆಳಗಿನ ವಿಷಯವನ್ನೂ ತಾನೇ ಜೋಡಿಸಿಕೊಳ್ಳುತ್ತಾನೆ. ನಾನಾದರೆ ಹೀಗೆ ಬರೆದು ಕಳಿಸುತ್ತೇನೆ:

'ತಾವು ಕೇಳಿದ ಪ್ರತಿಯ ಹೊರಹೆಸರು ಯಜುರ್ವೇದ ಎಂದಿದೆ. ಒಳಗಿರುವುದು ಯಜುರ್ವೇದವಲ್ಲ, ಅದರ ಅನುವಾದ ಅಥವಾ ವ್ಯಾಖ್ಯಾನವೂ ಅಲ್ಲ. ಇದು ಎಂಟು ಭಾಗಗಳ ಫ್ರೆಂಚ್ ಗದ್ಯ ಸಂವಾದ. ವ್ಯಾಸ ಪುರಾಣಗಳ ನಂಬಿಕೆಗಳನ್ನು ಹೇಳುತ್ತಾನೆ, ಸುಮಂತು ಅವುಗಳನ್ನು ಖಂಡಿಸಿ ಏಕದೇವ ತತ್ತ್ವವನ್ನು ಸ್ಥಾಪಿಸುತ್ತಾನೆ. ಸೃಷ್ಟಿ, ಅವತಾರ, ಪೂಜೆ ಮುಖ್ಯ ವಿಷಯಗಳು. ಯಜ್ಞದ ಮಂತ್ರಗಳಾಗಲಿ ವಿಧಿಗಳಾಗಲಿ ಇಲ್ಲ. ಹೆಸರುಗಳ ರೂಪ ಬಂಗಾಳದ ಕಡೆಯ ಉಚ್ಚಾರಣೆಯನ್ನು ತೋರಿಸುತ್ತದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಜೆಸುಯಿಟ್ ಒಬ್ಬರ ರಚನೆ. ತಮಗೆ ಬೇಕಾದದ್ದು ಯಜುರ್ವೇದವೇ ಆದರೆ ಈ ಪ್ರತಿಯಿಂದ ಉಪಯೋಗವಿಲ್ಲ. ಪುರಾಣಗಳನ್ನು ಮಿಷನರಿಗಳು ಹೇಗೆ ಓದಿಕೊಂಡಿದ್ದರು ಎಂಬುದು ಬೇಕಾದರೆ ಇದು ಒಳ್ಳೆಯ ಆಕರ.'

ಕೊನೆಯ ವಾಕ್ಯವನ್ನು ಬಿಡಬಾರದು ಎಂದು ನನ್ನ ಹಟ. ಹೆಸರು ಸುಳ್ಳೆಂದು ತಿಳಿದ ಕೂಡಲೇ ಪುಸ್ತಕವನ್ನೇ ಕಸಕ್ಕೆ ಎಸೆಯುವುದು ಹತ್ತೊಂಬತ್ತನೆಯ ಶತಮಾನದವರ ತಪ್ಪು. ಬಂಗಾಳದಲ್ಲೋ ಕರಾವಳಿಯಲ್ಲೋ ಕೂತು ಇಲ್ಲಿನ ಕತೆಗಳನ್ನು ಕೇಳಿ, ಸುಮಂತುವಿನಂಥ ಮೂಲೆಯ ಹೆಸರನ್ನೂ ಹುಡುಕಿ ತೆಗೆದ ಆ ಪಾದ್ರಿಗೆ ಪುರಾಣ ಚೆನ್ನಾಗಿಯೇ ಗೊತ್ತಿತ್ತು. ಬಿಯಾಶನ ಬಾಯಲ್ಲಿ ಅವನು ಆಡಿಸಿದ ಪೂರ್ವಪಕ್ಷದಲ್ಲಿ ಅದರ ಗುರುತು ಇದೆ. ಕರ್ತೃವಿನ ಖಾನೆಯಲ್ಲಿ ಮಾತ್ರ ಸದ್ಯಕ್ಕೆ ಒಂದು ಗೀಟು ಎಳೆದು ಮುಂದಿನ ಕಟ್ಟು ಬಿಚ್ಚಬೇಕು.